ಗಡ್ಡದ ಸಂದಿನ ಗಾಳಿ

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಅಪ್ಪ ಹಲಸಿಯ ಆಚೆ ಕುರಿ ಕಾಯುತ್ತಿದ್ದ. ಬೆಳಗಾವಿಯ ಹಾಸ್ಟೆಲ್ಲಿನಲ್ಲಿ ತಿಳಿಸಾರು ಕುಡಿದು ಎಂಜಿನಿಯರಿಂಗ್ ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈಗ ಬೆಳಗಾವಿಯ ಹೊರಗಿನ ಒಂದು ಪ್ರಯೋಗಾಲಯದಲ್ಲಿ ಬಾಹ್ಯಾಕಾಶ ನಡಿಗೆಯ ಉಡುಪಿನ ಕೆಲಸ ನನ್ನದು. ಅವ್ವ ಕೇಳಿದವರಿಗೆಲ್ಲ, “ನಮ್ಮಾಕಿ ಆಕಾಶದಾಗ ಹೋಗೋರಿಗೆ ಅಂಗಿ ಹೊಲಿತಾಳ” ಅನ್ನುತ್ತಾಳೆ. ತಪ್ಪೇನಿಲ್ಲ. ನಾನು ಮಾಡುವುದು ಮೈಗೆ ಅಂಟಿಕೊಳ್ಳುವ ಒಳಂಗಿಯನ್ನೇ. ಅದರ ತುಂಬ ಸಣ್ಣ ಸಣ್ಣ ಕೊಳವೆಗಳು, ಕೊಳವೆಗಳಲ್ಲಿ ಹರಿಯುವ ನೀರು. ಹೊರಗೆ ಗಾಳಿಯೇ ಇಲ್ಲದ ಕಡೆ ಮೈಯ ಬಿಸಿಯನ್ನು ಒಯ್ಯುವವರು ಯಾರೂ ಇಲ್ಲ. ನೀರು ಒಯ್ಯದಿದ್ದರೆ ಮನುಷ್ಯ ತನ್ನ ಬಿಸಿಯಲ್ಲೇ ಬೇಯುತ್ತಾನೆ.

ಈ ಸಲದ ಶ್ರಾವಣದಲ್ಲಿ ನಮ್ಮ ಪರೀಕ್ಷೆಗೆ ಕುಳಿತವನು ಖಾನಾಪುರದ ಹುಡುಗ, ನಮ್ಮಲ್ಲೇ ತಂತ್ರಜ್ಞ. ನನ್ನನ್ನು ಅಕ್ಕಾರ ಅನ್ನುತ್ತಿದ್ದ. ಅವನ ಹೆಂಡತಿಗೆ ಆಗ ಆರನೇ ತಿಂಗಳು. ಹಿಂದೊಮ್ಮೆ ಹೊಟ್ಟೆಯಲ್ಲಿದ್ದದ್ದು ಉಳಿದಿರಲಿಲ್ಲ. ಹೆಂಡತಿ ಬಸುರಿ ಇದ್ದಾಗ ಗಂಡ ಕ್ಷೌರ ಮಾಡಿಸಬಾರದು ಅನ್ನುವ ರೂಢಿಯನ್ನು ಹೋದ ಸಲ ಇವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈ ಸಲ ಹೆಂಡತಿ ಮಾತು ತೆಗೆದುಕೊಂಡಿದ್ದಳು. ಗಡ್ಡ ಎದೆಯತ್ತ ಇಳಿಯತೊಡಗಿತ್ತು.

“ಏನ್ ಮಾರಾಯಾ, ಮಠ ಹುಡುಕಾಕತ್ತೀಯೇನು?” ಎಂದು ನಾನು ಕೆಣಕಿದರೆ, “ಮಠ ಸಿಕ್ಕೈತ್ರಿ ಅಕ್ಕಾರ, ಸ್ವಾಮಿ ಹುಟ್ಟೂದು ಬಾಕಿ ಐತಿ” ಅನ್ನುತ್ತಿದ್ದ.

ಶ್ರಾವಣದಲ್ಲಿ ನಮ್ಮ ಕಡೆ ಬಹಳ ಗಂಡಸರು ಗಡ್ಡ ಮುಟ್ಟುವುದಿಲ್ಲ. ಪ್ರಯೋಗಾಲಯದಲ್ಲಿ ಅರ್ಧ ಜನಕ್ಕೆ ಗಡ್ಡ. ಅವನ ಗಡ್ಡ ಯಾರ ಕಣ್ಣಿಗೂ ಬೇರೆಯಾಗಿ ಕಾಣಲಿಲ್ಲ. ಅವನ ಮುಖಕ್ಕೆ ಮಾಸ್ಕ್ ಸರಿಯಾಗಿ ಕೂರುತ್ತದೆಯೇ ಎಂದು ನೋಡಿದ್ದು ಬೇಸಿಗೆಯ ಆರಂಭದಲ್ಲಿ, ನುಣ್ಣನೆಯ ಗಲ್ಲದ ಮೇಲೆ.

ಮಾಸ್ಕ್ ಯಾಕೆ ಅಂದರೆ, ಉಡುಪಿನೊಳಗೆ ನಮ್ಮ ನೆಲದಷ್ಟೇ ಒತ್ತಡ ತುಂಬಿದರೆ ಅದು ಗಾಳಿ ಹೊಡೆದ ಟೈರಿನ ಹಾಗೆ ಬಿಗಿದುಕೊಳ್ಳುತ್ತದೆ, ಬೆರಳು ಮಡಚಲಾಗುವುದಿಲ್ಲ. ಹಾಗಾಗಿ ಒತ್ತಡವನ್ನು ಮೂರನೇ ಒಂದು ಪಾಲಿನ ಹತ್ತಿರಕ್ಕೆ ಇಳಿಸಿ, ಬರೀ ಆಮ್ಲಜನಕ ತುಂಬುತ್ತಾರೆ. ಉಸಿರಿಗೆ ಅಷ್ಟು ಸಾಕು. ತೊಂದರೆ ಇರುವುದು ಮೈಯಲ್ಲಿ ಕರಗಿ ಕೂತ ಸಾರಜನಕದಿಂದ. ಒತ್ತಡ ಇಳಿದೊಡನೆ ಅದು ಗೋಲಿ ಸೋಡಾದ ಬಾಯಿ ತೆಗೆದಂತೆ ಗುಳ್ಳೆಯಾಗಿ ಏಳುತ್ತದೆ, ಕೀಲುಗಳಲ್ಲಿ, ಕೆಟ್ಟ ಗಳಿಗೆಯಲ್ಲಿ ಮಿದುಳಿನಲ್ಲಿ. ಅದಕ್ಕೇ ಮೊದಲು ತಾಸುಗಟ್ಟಲೆ ಶುದ್ಧ ಆಮ್ಲಜನಕ ಉಸಿರಾಡಿಸಿ ಸಾರಜನಕವನ್ನು ತೊಳೆದು ಹಾಕುವುದು. ನಡುವೆ ಮಾಸ್ಕ್ ಎತ್ತುವ ಹಾಗಿಲ್ಲ. ಎಷ್ಟು ಹೊತ್ತು ತೊಳೆದರೆ ಸಾಕು ಎಂದು ನೋಡುವುದೇ ಅಂದಿನ ಪರೀಕ್ಷೆ. ಉಡುಪಿಲ್ಲ, ನನ್ನ ಒಳಂಗಿ ಮತ್ತು ಮಾಸ್ಕ್ ತೊಟ್ಟು, ಒತ್ತಡ ಇಳಿಸಿದ ಉಕ್ಕಿನ ಕೋಣೆಯಲ್ಲಿ ಕೈಕೆಲಸ ಮಾಡಬೇಕು.

ಅವನು ಮಾಸ್ಕ್ ತೊಟ್ಟು ನಿಂತಲ್ಲೇ ನಿಲ್ಲುವ ಸೈಕಲ್ ತುಳಿದ; ಮೈ ದಣಿದರೆ ಸಾರಜನಕ ಬೇಗ ಹೊರಬೀಳುತ್ತದೆ. ಜೊತೆಗೆ ಒಳಹೋಗಬೇಕಿದ್ದ ನರ್ಸಮ್ಮನೂ ತುಳಿದರು. ಮೀಟರು ನೂರಕ್ಕೆ ನೂರು ಆಮ್ಲಜನಕ ತೋರಿಸುತ್ತಿತ್ತು. ಅದು ಮಾಸ್ಕಿಗೆ ಬರುವ ಕೊಳವೆಯೊಳಗಿನ ಲೆಕ್ಕ. ತುಟಿಯ ಹತ್ತಿರ ಏನಿದೆ ಎಂದು ಅದು ಹೇಳುವುದಿಲ್ಲ. ಒಂದೊಂದು ಉಸಿರಿಗೂ ಗಡ್ಡದ ಸಂದಿನಿಂದ ಕೋಣೆಯ ಗಾಳಿ ಸದ್ದಿಲ್ಲದೆ ಒಳಗೆ ಸೇರುತ್ತಿತ್ತು.

ಕೋಣೆಯ ಒತ್ತಡ ಇಳಿಸಿದೆವು. ನಾನು ಗಾಜಿನ ಈಚೆ, ಮಾತಾಡಿಸುವ ಮೈಕು ಮತ್ತು ಒಳಂಗಿಯ ನೀರನ್ನು ಬಿಸಿ, ತಂಪು ಮಾಡುವ ತಿರುಗಣಿ ನನ್ನ ಮುಂದೆ. ಒಳಗೆ ಅವನು ಬೋಲ್ಟು ತಿರುವುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕೈ ಬದಲಿಸಿದ.

“ಬಲಗೈಗೆ ಏನಾತು?”

“ಏನಿಲ್ರಿ ಅಕ್ಕಾರ. ಮೊಳಕೈ ಹಿಡದಂಗ ಆಗೈತಿ.”

“ಹಿಡದಂಗ ಅಂದ್ರ?”

ಅವನು ಉತ್ತರಿಸುವ ಮೊದಲೇ ನನ್ನ ಬಾಜು ಕೂತಿದ್ದ ಡಾಕ್ಟರು ಎದ್ದು ನಿಂತು, “ಒಳಗ ಗಾಳಿ ಬಿಡ್ರಿ” ಎಂದರು.

ಒತ್ತಡ ನಿಧಾನ ಏರತೊಡಗಿತು. ಅವನು ಮೊಳಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕುಳಿತ. ನಡುಗುತ್ತಿದ್ದ. ನನ್ನ ಕೈಯಲ್ಲಿದ್ದದ್ದು ತಿರುಗಣಿ ಒಂದೇ. ನೀರನ್ನು ಬೆಚ್ಚಗೆ ಮಾಡಿದೆ. ಕುದಿಸಿ ಕೊಡುವುದಿದ್ದರೂ ಕೊಡುತ್ತಿದ್ದೆನೇನೋ. ಅದರಿಂದ ಗುಳ್ಳೆ ಕರಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಬಾಗಿಲು ತೆಗೆದಾಗ ನೋವು ಇಳಿದಿತ್ತು, ಹೋಗಿರಲಿಲ್ಲ. ನರ್ಸಮ್ಮನಿಗೆ ಏನೂ ಆಗಿರಲಿಲ್ಲ. ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು, ಮತ್ತೆ ಅವನ ಗಡ್ಡ ನೋಡಿದರು.

“ಈಗಿಂದೀಗ ಆಕ್ಸಿಜನ್ ಹಚ್ಚಬೇಕು. ಕರಾವಳಿಯ ಆಸ್ಪತ್ರೆಯೊಳಗ ಒತ್ತಡ ಏರಿಸೋ ಕೋಣಿ ಐತಿ, ಅಲ್ಲೀತನಕ ಮಾಸ್ಕ್ ತಗಿಯೂದಿಲ್ಲ. ಮೊದಲು ಗಡ್ಡ ತಗೀರಿ.”

“ಗಡ್ಡ ಬ್ಯಾಡ್ರಿ ಸರ,” ಎಂದ ಅವನು. “ಆಕಿಗೆ ಮಾತು ಕೊಟ್ಟೀನಿ.”

“ಸಂದಿನ್ಯಾಗ ಗಾಳಿ ಹೊಕ್ಕರ ಆಕ್ಸಿಜನ್ ಕೊಟ್ಟೂ ಕೊಡದಂಗ. ನಾಳೆ ಕೈ ಅಲ್ಲ, ಕಾಲು ಬೀಳಬಹುದು.”

ಅವನು ನನ್ನ ಕಡೆ ತಿರುಗಿದ. “ಅಕ್ಕಾರ, ಆಕಿಗೊಂದು ಫೋನ್ ಹಚ್ರಿ. ಕೇಳ್ರಿ.”

ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಹಚ್ಚಿದೆ. ನರ್ಸಮ್ಮ ಬ್ಲೇಡು ಹಿಡಿದು ನಿಂತಿದ್ದರು, ಇಸಿಜಿ ಹಚ್ಚುವ ಮೊದಲು ಎದೆಗೂದಲು ತೆಗೆಯುತ್ತಾರಲ್ಲ, ಆ ಬ್ಲೇಡು. ಮೂರನೇ ಸಲ ಹಚ್ಚುವಾಗ ಅವನು ಕಣ್ಣು ಮುಚ್ಚಿದ. “ತಗೀರಿ,” ಎಂದ.

ಆಂಬುಲೆನ್ಸು ಪೀರನವಾಡಿ ದಾಟುವಾಗ ಅವಳೇ ಫೋನ್ ಮಾಡಿದಳು. ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದಳಂತೆ. ನೋವಿನ ಸುದ್ದಿ ಹೇಳಿದೆ. ಗಡ್ಡದ ಸುದ್ದಿ ಬಾಯಿಂದ ಹೊರಡಲಿಲ್ಲ. “ನಮ್ಮ ಮನಿ ಮುಂದನ ಹೋಗ್ತೀರಲ್ರಿ, ಒಂದ ಚೂರು ನಿಲ್ಲಸ್ರಿ,” ಎಂದಳು. ಡಾಕ್ಟರು ಗಡಿಯಾರ ನೋಡಿ ಹೂಂ ಎಂದು ತಲೆಯಾಡಿಸಿದರು.

ಖಾನಾಪುರದಲ್ಲಿ ಅವಳು ರಸ್ತೆಗೇ ಬಂದು ನಿಂತಿದ್ದಳು, ಒದ್ದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ನಾನು ಹಿಂದಿನ ಬಾಗಿಲು ತೆಗೆದೆ. ಅವಳು ಗಂಡನ ಕೈ ನೋಡಲಿಲ್ಲ. ಮಾಸ್ಕಿನ ಸುತ್ತಲಿನ ಬೋಳು ಗಲ್ಲ ನೋಡಿದಳು. ಅಲ್ಲಿ ಬ್ಲೇಡು ತಾಗಿದ ಎರಡು ಕೆಂಪು ಗೆರೆಗಳಿದ್ದವು.

“ಯಾರು ತಗದ್ರು?”

ನಾನು ಅವನ ಮಾಸ್ಕಿನ ಪಟ್ಟಿ ಬಿಗಿಮಾಡಿದೆ.

“ಅಕ್ಕಾರ, ಅದನ್ನ ಒಂದೀಟು ಸರಸ್ರಿ. ಅವರ ಬಾಯಿಲೆ ಕೇಳ್ತೀನಿ.”

“ತಗಿಯಾಕ ಬರೂದಿಲ್ಲವ್ವಾ.”

“ಒಂದ ಮಾತು.”

“ಒಂದ ಮಾತಿಗೂ ಬರೂದಿಲ್ಲ.”

ಸೋಡಾದ ಮಾತು, ಒತ್ತಡದ ಮಾತು, ಎಲ್ಲ ನನಗೆ ಬಾಯಿಪಾಠ. ಬಂದ ಅತಿಥಿಗಳಿಗೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ತಿಳಿಸಿದವಳು ನಾನು. ಆ ರಸ್ತೆಯಲ್ಲಿ, ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು ನಿಂತವಳ ಮುಂದೆ, ಒಂದೂ ಉಪಯೋಗಕ್ಕೆ ಬರಲಿಲ್ಲ. ಅವನು ಎಡಗೈಯಿಂದ ತನ್ನ ಗಲ್ಲ ಸವರಿ, ಕೆಳಗೆ ಎಳೆದು ತೋರಿಸಿದ: ಮತ್ತೆ ಬೆಳೆಯುತ್ತದೆ ಎಂದು. ಅವಳು ನಗಲಿಲ್ಲ. ಡ್ರೈವರ್ ಹಾರ್ನ್ ಹೊಡೆದ. ನಾನೇ ಬಾಗಿಲು ಎಳೆದುಕೊಂಡೆ.

ಕರಾವಳಿಯಲ್ಲಿ ಅವನ ನೋವು ಪೂರಾ ಹೋಯಿತು. ನಮ್ಮಲ್ಲಿ ಈಗ ಪ್ರತಿ ಪರೀಕ್ಷೆಯ ದಿನವೂ ಗಲ್ಲ ಸವರಿ ನೋಡಿ, ಆಮ್ಲಜನಕವನ್ನು ಮಾಸ್ಕಿನ ಒಳಗೇ ಅಳೆಯುತ್ತಾರೆ. ಅವನನ್ನು ಮತ್ತೆ ಆ ಕೋಣೆಗೆ ಬಿಡಲಿಲ್ಲ. ಉಡುಪಿನ ಕೈಗವಸು ಮಾಡುವ ಮೇಜಿಗೆ ಹಾಕಿದ್ದಾರೆ. ಇದನ್ನು ಬರೆಯುವಾಗ ಅವಳಿಗೆ ಎಂಟು ತುಂಬುತ್ತಿದೆ. ಡಾಕ್ಟರು ಎಲ್ಲ ಸರಿ ಇದೆ ಎಂದಿದ್ದಾರಂತೆ. ಅವನ ಗಡ್ಡ ಮತ್ತೆ ಬಂದಿದೆ, ಈಗ ಯಾರೂ ಬೇಡ ಅನ್ನುವುದಿಲ್ಲ.

ಅವಳು ಆಗಾಗ ನನಗೆ ಫೋನ್ ಮಾಡುತ್ತಾಳೆ. “ಊಟ ಆತ್ರಿ ಅಕ್ಕಾರ?” ಅನ್ನುತ್ತಾಳೆ. ಆತು ಅನ್ನುತ್ತೇನೆ. “ನಿಂದು ಹೆಂಗೈತಿ?” ಎಂದರೆ, “ಒದೀತೈತ್ರಿ” ಅನ್ನುತ್ತಾಳೆ.