ಹನ್ನೊಂದು ಮೆಸೇಜು, ತನ್ನದೊಂದು ಬಿಟ್ಟು

ಚುಟುಕಾಗಿ ಮಾತಾಡುವುದು ಅನ್ನಪೂರ್ಣಳ ಜಾಯಮಾನದಲ್ಲೇ ಇರಲಿಲ್ಲ. ಗದಗಿನ ಕಡೆಯ ಹೆಣ್ಣುಮಗಳು. ಅವಳ ಊರಿನಲ್ಲಿ ಯಾರಾದರೂ ಎದುರಾದರೆ ಮನೆಮಂದಿಯ ಆರೋಗ್ಯ, ಎಮ್ಮೆಯ ಆರೋಗ್ಯ, ಹೋದ ವಾರದ ಮಳೆ, ಎಲ್ಲವನ್ನೂ ವಿಚಾರಿಸಿ ಮುಗಿಸಿದ ಮೇಲೆ ಬಂದ ಕೆಲಸ ಹೇಳುವುದು ರೂಢಿ. ಇಂಥವಳು 2006ರಲ್ಲಿ ಬಿಟಿಎಂ ಬಡಾವಣೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಹೊಸಕೆರೆಹಳ್ಳಿಯ ಒಂದು ನರ್ಸಿಂಗ್ ಹೋಮಿಗೆ ವಾರ್ಡ್ ಆಯಾ ಆಗಿ ಸೇರಿದಳು. ಸಿಕ್ಕ ಸೂಪರ್‌ವೈಸರ್ ಯಾರು? ಗೌರಮ್ಮ. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಎರಡು ಮಾತು ಖರ್ಚು ಮಾಡದ ಹೆಂಗಸು.

ಗೌರಮ್ಮ ಹೊಸಕೆರೆಹಳ್ಳಿಯವರೇ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಬೀದಿ ಎದ್ದಿವೆ. ಆಸ್ಪತ್ರೆಗೆ ನಡೆದೇ ಬರುತ್ತಾರೆ, ನಾಲ್ಕು ನಿಮಿಷ. ಬಸ್ಸಿನ ಪಡಿಪಾಟಲು ಈಕೆಗೇನು ಗೊತ್ತು ಎಂದು ಅನ್ನಪೂರ್ಣ ಮೊದಲ ತಿಂಗಳೆಲ್ಲ ಒಳಗೊಳಗೇ ಗೊಣಗಿಕೊಂಡಿದ್ದಳು.

ಮೊದಲ ಸಲ ಜಯದೇವ ಸರ್ಕಲ್ಲಿನ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಾಗ ಅವಳು ಗೌರಮ್ಮನವರಿಗೆ ಕಳಿಸಿದ್ದು ಮೆಸೇಜಲ್ಲ, ಕಾಗದ. ‘ಮೇಡಂ ಅವರಿಗೆ ನಮಸ್ಕಾರಗಳು, ನಾನು ಕ್ಷೇಮ, ತಾವೂ ಕ್ಷೇಮವೆಂದು ನಂಬಿರುತ್ತೇನೆ’ ಎಂದು ಶುರುವಾಗಿ, ಮುಂದೆ ನಿಂತ ಲಾರಿಯ ಬಣ್ಣದವರೆಗೂ ಹೋಗಿತ್ತು. ಇಂಗ್ಲಿಷ್ ಅಕ್ಷರದ ಕನ್ನಡ, ನಾಲ್ಕು ತುಂಡಾಗಿ ಹೋಯಿತು, ಅದರಲ್ಲಿ ಮೂರನೆಯದು ಮೊದಲು ತಲುಪಿತು. ಎಲ್ಲ ಇತ್ತು, ಎಷ್ಟು ಹೊತ್ತಿಗೆ ಬರುತ್ತೇನೆ ಎಂಬುದೊಂದು ಇರಲಿಲ್ಲ. ಗೌರಮ್ಮ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ‘ತಿಳಿಸದೆ ತಡ’ ಎಂದು ರಿಜಿಸ್ಟರಿನಲ್ಲಿ ಬರೆದರು. ಇನ್ನೊಂದು ಸಲ ಫೋನಿನ ಚಾರ್ಜು ಮುಗಿದು ಹಾಗೇ ಆಯಿತು.

ಎರಡನೆಯ ಸಲ ಅವರು ಅವಳನ್ನು ವಾರ್ಡಿನ ಬಾಗಿಲಿಗೆ ಕರೆದೊಯ್ದು ಲಕ್ಕವ್ವನನ್ನು ತೋರಿಸಿದರು. ರಾತ್ರಿ ಪಾಳಿಯ ಆಯಾ, ಬೆಳಿಗ್ಗೆ ಏಳಕ್ಕೆ ಅವಳ ಪಾಳಿ ಮುಗಿದು ಅನ್ನಪೂರ್ಣಳದು ಶುರು. ಬದಲಿ ಬರುವ ತನಕ ವಾರ್ಡು ಬಿಡುವ ಹಾಗಿಲ್ಲ. ಅವಳು ಮನೆ ಸೇರಿ ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಬೇಕು. ಅವತ್ತು ಚೀಲ ಹೆಗಲಿಗೇರಿಸಿಕೊಂಡು ನಲವತ್ತು ನಿಮಿಷ ನಿಂತೇ ಇದ್ದಳು.

“ನಿನ್ ಕಥೆ ನನಗ್ ಬೇಡ ಅನ್ನಪೂರ್ಣ,” ಎಂದರು ಗೌರಮ್ಮ. “ಯಾರು, ಎಲ್ಲಿ, ಎಷ್ಟೊತ್ತಿಗೆ. ಮೂರೇ ಮೂರು. ಅಷ್ಟು ಗೊತ್ತಾದ್ರೆ ನಾನು ಬೇರೆಯವರನ್ನ ನಿಲ್ಲಿಸಿ ಇವಳನ್ನ ಮನೆಗ್ ಕಳಿಸ್ತೀನಿ.”

ಆಮೇಲೆ ಮತ್ತೆರಡು ಸಲ ತಡವಾದಾಗ ಅನ್ನಪೂರ್ಣ ಆ ಮೂರನ್ನೇ ಬರೆದಳು, ಒಂದು ಅಕ್ಷರ ಹೆಚ್ಚಿಲ್ಲ. ಆ ಎರಡು ಸಲವೂ ಗೌರಮ್ಮ ರಿಜಿಸ್ಟರಿನಲ್ಲಿ ಬರೀ ‘ತಡ’ ಎಂದಷ್ಟೇ ಬರೆದರು.

ಆರು ತಿಂಗಳ ಪ್ರೊಬೇಷನ್ ಮುಗಿಯುವ ದಿನ ಬಂತು. ‘ತಿಳಿಸದೆ ತಡ’ ಮೂರಾದರೆ ಕೆಲಸ ಕಾಯಂ ಇಲ್ಲ, ಮನೆಗೆ ಹೋಗುವುದೇ. ಎರಡು ಆಗಲೇ ಆಗಿದ್ದವು. ಅವತ್ತು ಗೌರಮ್ಮ ಅವಳ ಫಾರಂಗೆ ಸಹಿ ಹಾಕಿ ಆಫೀಸಿಗೆ ಕೊಡಬೇಕಿತ್ತು. ಅನ್ನಪೂರ್ಣ ತಲೆಗೆ ಸ್ನಾನ ಮಾಡಿ, ಮಲ್ಲಿಗೆ ಮುಡಿದು, ಹತ್ತು ನಿಮಿಷ ಮುಂಚೆಯೇ ಸ್ಟಾಪಿಗೆ ಹೋಗಿ ನಿಂತು ಬಸ್ಸು ಹಿಡಿದಳು.

ಆ ಬಸ್ಸು ಆರೂ ಮೂವತ್ತೈದಕ್ಕೆ ಸಾರಕ್ಕಿ ಸಿಗ್ನಲ್ ದಾಟಿ ಒಂದು ಸಲ ಕೆಮ್ಮಿ ನಿಂತಿತು. ಡ್ರೈವರು ಕೆಳಗಿಳಿದು ನೋಡಿ ತಲೆಯಾಡಿಸಿದ. ಕಂಡಕ್ಟರ್ ಚನ್ನವೀರ, ಇನ್ನು ಇದು ಹೊರಡುವುದಿಲ್ಲ, ಏಳಕ್ಕೆ ಹಿಂದಿನ ಬಸ್ಸು ಬರುತ್ತದೆ, ಇದೇ ಟಿಕೆಟ್ಟಿನಲ್ಲಿ ಹತ್ತಿಸುತ್ತೇನೆ ಎಂದ.

ಬೆಳಗಿನ ಬಸ್ಸು, ತುಂಬ ಪಾಳಿಯವರೇ. ಒಂದು ಸಾಲಿನಲ್ಲಿ ಸೆಕ್ಯುರಿಟಿ, ಇನ್ನೊಂದರಲ್ಲಿ ಪೆಟ್ರೋಲ್ ಬಂಕು, ಶಾಲೆಯ ಆಯಾ, ಅಡುಗೆಯವರು. ಅರ್ಧ ಜನರ ಹತ್ತಿರ ಫೋನಿಲ್ಲ, ಇದ್ದವರಲ್ಲಿ ಕರೆನ್ಸಿ ಇಲ್ಲ. ಪಕ್ಕದ ಸೀಟಿನ ಕಿಟ್ಟಿ, ಅವಳದೇ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ದೋಸೆ ಹಾಕುವವನು, ಬೆವರೊರೆಸಿಕೊಳ್ಳುತ್ತಾ ಮುನಿಯಣ್ಣ ಉಗಿದು ಉಪ್ಪಿನಕಾಯಿ ಹಾಕುತ್ತಾನೆ ಎಂದ. ಮುನಿಯಣ್ಣ ಕ್ಯಾಂಟೀನಿನ ಯಜಮಾನ. ಅನ್ನಪೂರ್ಣ ತನ್ನ ಫೋನಿಗೆ ದಿನಕ್ಕೆ ನೂರು ಮೆಸೇಜಿನ ಕಾರ್ಡು ಹಾಕಿಸಿದ್ದಳು. ನಂಬರ್ ಹೇಳು ಎಂದಳು. ‘ಕಿಟ್ಟಿ. ಸಾರಕ್ಕಿಯಲ್ಲಿ ಬಸ್ ಕೆಟ್ಟಿದೆ. 7.25ಕ್ಕೆ ಬರ್ತೀನಿ.’ ಹೋಯಿತು.

ಹಿಂದಿನ ಸೀಟಿನ ವಾಚ್‌ಮನ್ ಕರೆಪ್ಪ ಇದನ್ನು ನೋಡಿದ್ದೇ ತಡ, ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಅಂಟಿಸಿದ್ದ ನಂಬರ್ ತೋರಿಸಿದ. ಅವನಿಂದ ಇನ್ನೊಬ್ಬ. ಅವಳ ಸುತ್ತ ಜಾತ್ರೆಯೇ ನೆರೆಯಿತು. ಒಬ್ಬ ಹೆಂಗಸು ಮಗಳಿಗೆ ಜ್ವರ ಎಂದೂ ಸೇರಿಸು ಅಂದಳು. ಅನ್ನಪೂರ್ಣ ಗೌರಮ್ಮನ ಹಾಗೇ ಮುಖ ಮಾಡಿ, ಕಥೆ ಬೇಡ ಅಕ್ಕಾ, ಹೊತ್ತು ಹೇಳು ಎಂದಳು. ಅವಳಿಗೇ ನಗು ಬಂತು. ಹನ್ನೊಂದು ಜನ, ಹನ್ನೊಂದು ಮೆಸೇಜು. ಹನ್ನೊಂದನೆಯದು ಮುಗಿಯುವಾಗ ಬಸ್ಸು ಬಂತು, ಎಲ್ಲರೂ ನುಗ್ಗಿದರು, ಇವಳನ್ನು ಮಾತ್ರ ಕೈಹಿಡಿದು ಮೊದಲು ಹತ್ತಿಸಿ ಕೂರಿಸಿದರು. ರಾಣಿಯ ಹಾಗೆ ಬಂದಳು.

ಹೊಸಕೆರೆಹಳ್ಳಿಯಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟವಳು ಗಕ್ಕನೆ ನಿಂತಳು. ತನ್ನದು ಕಳಿಸಿಲ್ಲ.

ಗಂಟೆ ಏಳೂ ಇಪ್ಪತ್ತೈದು. ಈಗ ಕಳಿಸಿ ಪ್ರಯೋಜನವೇನು? ಕಿಟ್ಟಿ ಹಿಂದೆಯೇ ಓಡಿ ಬಂದು, ಕಳಿಸಿದ್ದೆ, ನೆಟ್‌ವರ್ಕ್ ಸಿಗಲಿಲ್ಲ ಅನ್ನು, ಊರೆಲ್ಲ ಹಾಗೇ ಹೇಳುತ್ತೆ ಎಂದು ಬುದ್ಧಿ ಹೇಳಿದ. ಮೆಟ್ಟಿಲು ಹತ್ತುವಾಗ ಅದೇ ಸುಳ್ಳು ನಾಲಿಗೆಯ ತುದಿಯಲ್ಲಿತ್ತು.

ವಾರ್ಡಿನೊಳಗೆ ಹೋಗಿ ನೋಡಿದರೆ ಲಕ್ಕವ್ವ ಇಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ ಮೂರನೆಯ ಮಂಚದ ಅಜ್ಜಿಗೆ ಬಿಸಿನೀರಿನಲ್ಲಿ ಮುಖ ಒರೆಸುತ್ತಿದ್ದವರು ಸಾಕ್ಷಾತ್ ಗೌರಮ್ಮ. ತನ್ನ ಕೆಲಸವನ್ನು ಅವರು ಮಾಡುವುದನ್ನು ಕಂಡ ಮೇಲೆ ಸುಳ್ಳು ಬಾಯಿಂದ ಹೊರಡಲಿಲ್ಲ.

“ತಪ್ಪಾತ್ರಿ ಮೇಡಂ. ಬಸ್ ಕೆಟ್ಟಿತ್ತು. ಎಲ್ಲಾರ್ದೂ ಮೆಸೇಜ್ ಕಳಿಸಿದೆ, ನಂದ ಮರ್ತೆ.”

ಗೌರಮ್ಮ ಅಜ್ಜಿಯ ಕಿವಿಯ ಹಿಂದೆ ಒರೆಸಿ ಮುಗಿಸಿದರು. ಆಮೇಲೆ, ಬೆಳಿಗ್ಗೆ ಕಾಫಿಗೆ ಹೋದಾಗ ಮುನಿಯಣ್ಣ ತನ್ನ ಫೋನು ಹಿಡಿದು, ಕಿಟ್ಟಿ ಇಷ್ಟು ನೆಟ್ಟಗೆ ಬರೆಯೋ ಆಸಾಮಿಯೇ ಅಲ್ಲ, ಇದು ಯಾರ ನಂಬರೋ ಎಂದು ತಲೆ ಕೆರೆದುಕೊಳ್ಳುತ್ತಿದ್ದ ಎಂದರು. ಯಾರು, ಎಲ್ಲಿ, ಎಷ್ಟೊತ್ತಿಗೆ: ನೋಡಿದ ಕೂಡಲೇ ಬರೆದವಳು ಯಾರೆಂದು ಅವರಿಗೆ ಗೊತ್ತಾಯಿತಂತೆ. ನಂಬರೂ ಅವಳದೇ. ಏಳಕ್ಕೆ ಸರಿಯಾಗಿ ಲಕ್ಕವ್ವನನ್ನು ಮನೆಗೆ ಕಳಿಸಿ ತಾವೇ ನಿಂತರಂತೆ.

ಅಷ್ಟರಲ್ಲಿ ಅನ್ನಪೂರ್ಣಳ ಕೈಯಲ್ಲಿದ್ದ ಫೋನು ಕಿಣಿಕಿಣಿ ಎನ್ನತೊಡಗಿತು. ಬಂಕಿನವರ ‘ಓಕೆ’, ಶಾಲೆಯವರ ‘ನಿಧಾನಕ್ಕೆ ಬನ್ನಿ’. ಗೌರಮ್ಮ ಫೋನು ಇಸಿದುಕೊಂಡು, ಕಳಿಸಿದ ಹನ್ನೊಂದನ್ನೂ ಒಂದೊಂದಾಗಿ ಓದಿದರು. ಅವರ ತುಟಿಯ ಮೂಲೆ ಅಲುಗಿತು.

“ಇಪ್ಪತ್ತೈದು ನಿಮಿಷ ತಡ, ಅದನ್ನ ಬರೀತೀನಿ. ಮಧ್ಯಾಹ್ನ ನಿಂತು ತುಂಬಿಸ್ಕೊಡು,” ಎಂದರು. “ತಿಳಿಸಿಲ್ಲ ಅಂತ ಬರಿಯೋಕ್ ಆಗಲ್ಲ. ಲಕ್ಕವ್ವ ಹೊತ್ತಿಗ್ ಸರಿಯಾಗಿ ಮನೆಗ್ ಹೋದ್ಲಲ್ಲ. ಈಗ ನಿನ್ನದು ಕಳಿಸು.”

ಅವಳು ಅಲ್ಲೇ ನಿಂತು ಒತ್ತಿದಳು: ‘ಅನ್ನಪೂರ್ಣ. ವಾರ್ಡಿನಲ್ಲಿ. ಈಗ ಬಂದೆ.’ ಗೌರಮ್ಮನ ಸೊಂಟದ ಚೀಲದಲ್ಲಿ ಫೋನು ಸದ್ದು ಮಾಡಿತು. ಅವರು ಕನ್ನಡಕ ಏರಿಸಿಕೊಂಡು ಓದಿ, ಒಂದು ಬೆರಳಿನಲ್ಲಿ ನಿಧಾನವಾಗಿ ಉತ್ತರ ಕುಟ್ಟಿ, ಬಟ್ಟಲು ಎತ್ತಿಕೊಂಡು ಹೊರಟೇಹೋದರು.

‘ಅನ್ನಪೂರ್ಣ. ಇಲ್ಲೇ. ಇವತ್ತಿಂದ ಕಾಯಂ.’

ಅವಳು ಅದನ್ನು ಮೂರನೆಯ ಮಂಚದ ಅಜ್ಜಿಗೆ ಓದಿ ಹೇಳಿದಳು, ನಾಲ್ಕನೆಯ ಮಂಚಕ್ಕೂ ಹೇಳಿದಳು. ಕ್ಯಾಂಟೀನಿನಿಂದ ಕಿಟ್ಟಿ ಕೇಳದೆಯೇ ಬೆಣ್ಣೆ ದೋಸೆ ಕಳಿಸಿದ. ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಗೌರಮ್ಮನವರಿಗೆ ಧನ್ಯವಾದ ಬರೆದಳು. ನಮಸ್ಕಾರದಿಂದ ಶುರುವಾದದ್ದು ಅಜ್ಜಿ ಆಡಿದ ಮಾತು, ದೋಸೆಯ ರುಚಿ, ಊರಿನಲ್ಲಿ ಅವ್ವ ಸುದ್ದಿ ಕೇಳಿ ಅತ್ತದ್ದು, ಎಲ್ಲವನ್ನೂ ಸುತ್ತಿ ಬಂತು. ನಾಲ್ಕು ತುಂಡಾಗಿ ಹೋಯಿತು, ಮೂರನೆಯದು ಮೊದಲು ತಲುಪಿತು. ಗೌರಮ್ಮ ನಾಲ್ಕೂ ಬರುವ ತನಕ ಕಾದು, ಜೋಡಿಸಿಕೊಂಡು ಎರಡು ಸಲ ಓದಿದರು.