ಐದನೆಯ ಗುಳಿಗೆ

ಅವ್ವನಿಗೆ ಗಂಟಲು ನೋವು ಶುರುವಾಗಿ ಎಂಟು ದಿನವಾಗಿತ್ತು. ಆಳಂದದ ಶಾಲೆಯಲ್ಲಿ ಪಾಠ ಮಾಡುವ ನಾನು ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಬರುವುದು ಸಂಜೆ ಐದಕ್ಕೆ. ಶೀತ ಆಗಿರಬೇಕು ಅಂದುಕೊಂಡು ಮೆಣಸು, ಶುಂಠಿ ಕುದಿಸಿ ಬಿಸಿಬಿಸಿ ಕಷಾಯ ಕೊಟ್ಟೆ. ಮೂಲೆಯ ಮೆಡಿಕಲ್ ಅಂಗಡಿಯಿಂದ ಶೀತದ ಗುಳಿಗೆಯನ್ನೂ ಚೀಪುವ ಕೆಮ್ಮಿನ ಮಿಠಾಯಿಯನ್ನೂ ತಂದೆ. ಎಪ್ಪತ್ತಾರು ವರ್ಷದ ಸಕ್ಕರೆ ಕಾಯಿಲೆಯ ಹೆಂಗಸಿಗೆ ದಿನಕ್ಕೆ ಆರು ಮಿಠಾಯಿ. ಅದು ತಪ್ಪು ಎಂದು ಆಗ ನನಗೆ ಅನ್ನಿಸಲೇ ಇಲ್ಲ.

ಒಂಬತ್ತನೆಯ ದಿನ ಭಾನುವಾರ. ಅವ್ವ ಜೋಳದ ರೊಟ್ಟಿಯ ಒಂದು ತುತ್ತನ್ನು ಬಾಯಲ್ಲಿಟ್ಟುಕೊಂಡು ಹಾಗೇ ಕುಳಿತಿದ್ದಳು. ಎಷ್ಟೋ ಹೊತ್ತಾದರೂ ಅದು ಕೆಳಗಿಳಿಯಲಿಲ್ಲ. ಕೊನೆಗೆ ಸೆರಗಿಗೆ ಉಗಿದಳು. ಬಾಯಿ ತೆರೆಯಲು ಹೇಳಿ ಮೊಬೈಲಿನ ಟಾರ್ಚ್ ಹಿಡಿದೆ.

ನಾಲಿಗೆ ಕೆಂಪಾಗಿ ಬಿರುಕು ಬಿಟ್ಟಿತ್ತು, ಅದರ ಮೇಲೆ ಜೊಲ್ಲಿನ ಹನಿಯೂ ಇರಲಿಲ್ಲ. ಮೇಲಿನ ಕಟ್ಟಿಸಿದ ಹಲ್ಲು ತೆಗೆಯಹೋದರೆ ಅಂಗುಳಿಗೆ ಅಂಟಿಕೊಂಡು ಬರಲೊಲ್ಲದು. ಅದು ಬಂದ ಮೇಲೆ ಕೆಳಗಿನ ಚರ್ಮ ಹಸಿ ಗಾಯದಂತೆ ಕಂಡಿತು. ಕೆನ್ನೆಯ ಒಳಗೂ ಗಂಟಲಿನ ಹತ್ತಿರವೂ ಮೊಸರಿನ ಗಡ್ಡೆಯಂಥ ಬಿಳಿ ಕಲೆಗಳು. ದಿನಾ ಎದುರಿಗೆ ಕೂತು ಉಂಡವಳು ನಾನು. ಒಂದು ಸಲವೂ ಆ ಬಾಯೊಳಗೆ ನೋಡಿರಲಿಲ್ಲ.

ಮರುದಿನ ರಜೆ ಹಾಕಿ ಸರಕಾರಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರ್ ನನಗಿಂತ ಚಿಕ್ಕ ಹೆಣ್ಣುಮಗಳು. ಅವ್ವ ತೆಗೆದುಕೊಳ್ಳುವ ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಲು ಹೇಳಿದರು. ಸಕ್ಕರೆಯದು, ಬಿಪಿಯದು, ಪದೇ ಪದೇ ಮೂತ್ರಕ್ಕೆ ಹೋಗುವುದಕ್ಕೆ ಕಲಬುರಗಿಯಲ್ಲಿ ಬರೆದುಕೊಟ್ಟದ್ದು, ಅಂಗಾಲು ಉರಿಗೆ ಕೊಟ್ಟದ್ದು. ಐದನೆಯದು ನನ್ನ ಶೀತದ ಗುಳಿಗೆ. ಅವರು ಮೂರನ್ನು ಬೇರೆ ಸರಿಸಿಟ್ಟರು.

"ಮೂತ್ರದ್ದು, ಕಾಲುರಿದ್ದು, ಇವೆರಡೂ ಬಾಯಿ ಒಣಗಸ್ತಾವ್ರಿ ಟೀಚರ್. ನೀವು ಕೊಟ್ಟಿದ್ದು ಮ್ಯಾಲಿಂದ ಮತ್ತಷ್ಟು ಒಣಗಿಸ್ಯಾದ."

ನನ್ನ ಮುಖ ಬಿಸಿಯಾಯಿತು. ಜೊಲ್ಲು ಕಡಿಮೆಯಾದರೆ ಗಂಟಲು ಕೆರೆದು ನೋಯುತ್ತದೆ, ಬಾಯಲ್ಲಿ ಬೂಷ್ಟು ಬೆಳೆಯುತ್ತದೆ, ಸಕ್ಕರೆ ಹೆಚ್ಚಿದ್ದರೆ ಇನ್ನೂ ಬೇಗ ಬೆಳೆಯುತ್ತದೆ, ಆ ಬಿಳಿ ಕಲೆಗಳು ಅದೇ ಎಂದು ಅವರು ವಿವರಿಸಿದರು. ಬೆರಳು ಚುಚ್ಚಿ ನೋಡಿದರೆ ಅವ್ವನ ಸಕ್ಕರೆಯೂ ಏರಿತ್ತು. ಶೀತದ ಗುಳಿಗೆ, ಮಿಠಾಯಿ ಎರಡನ್ನೂ ಅಂದೇ ನಿಲ್ಲಿಸಲು ಹೇಳಿದರು. ಉಳಿದವನ್ನು ನಾವಾಗಿ ಬಿಡಬಾರದು, ಬದಲಿಸುವುದಾದರೆ ಬರೆದುಕೊಟ್ಟ ಡಾಕ್ಟರೇ ಬದಲಿಸಬೇಕು ಎಂದು ಒಂದು ಚೀಟಿ ಬರೆದರು.

ಆಮೇಲೆ ನೀರು ಎಷ್ಟು ಕುಡಿಯುತ್ತೀರಿ ಎಂದು ಅವ್ವನನ್ನೇ ಕೇಳಿದರು. ಅವ್ವ ನನ್ನತ್ತ ನೋಡಿ ತಲೆ ತಗ್ಗಿಸಿದಳು.

"ಕುಡದ್ರ ಹೊರಗ ಹೋಗಬೇಕಾಗ್ತದವ್ವ. ಇಕಿ ಸಾಲಿಗಿ ಹೋಗಿರ್ತಾಳ. ಅಂಗಳದಾಗ ಬಿದ್ದ್ರ ಯಾರು ಎತ್ತತಾರ? ಅದಕ್ಕ ಎರಡು ವಾಟಿ ಅಷ್ಟೇ ಕುಡೀತೇನಿ."

ಪಾಯಖಾನೆ ಅಂಗಳದ ಆ ತುದಿಯಲ್ಲಿದೆ. ಅವ್ವ ಅಲ್ಲಿಗೆ ಹೋಗಲು ಹೆದರುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಬಾಯೊಳಗೆ ಕಂಡದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು. ಗುಳಿಗೆಗಳನ್ನು ಚೀಲಕ್ಕೆ ತುಂಬುತ್ತಾ ನಿಂತೆ.

ಡಾಕ್ಟರ್ ಬಾಯಿಗೆ ಹಚ್ಚುವ ಔಷಧಿ ಕೊಟ್ಟರು. ಹಚ್ಚಿದ ಮೇಲೆ ಸ್ವಲ್ಪ ಹೊತ್ತು ತಿನ್ನಬಾರದು, ಕುಡಿಯಬಾರದು. ನೀರನ್ನು ಒಮ್ಮೆಲೇ ಅಲ್ಲ, ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು. ಕಟ್ಟಿಸಿದ ಹಲ್ಲನ್ನು ದಿನಾ ಉಜ್ಜಿ, ಮಲಗುವಾಗ ತೆಗೆದು ನೀರಲ್ಲಿಡಬೇಕು. ಗುಳಿಗೆಯನ್ನು ಎದ್ದು ಕುಳಿತು, ಮೊದಲು ಬಾಯಿ ತೇವ ಮಾಡಿಕೊಂಡು ನುಂಗಬೇಕು, ಇಲ್ಲದಿದ್ದರೆ ಅದು ಗಂಟಲಲ್ಲೇ ಅಂಟಿ ಹುಣ್ಣು ಮಾಡುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಬಹುದು, ಸುಡುವ ಕಷಾಯ ಬೇಡ. ಎಲ್ಲ ಹೇಳಿ ನನ್ನನ್ನು ಬಾಗಿಲ ಹತ್ತಿರ ಕರೆದರು.

"ನೀರೂ ನುಂಗಾಕ ಬರಲಿಲ್ಲ, ಜೊಲ್ಲು ಹೊರಗ ಸುರೀತು, ಉಸಿರು ಹಿಡೀತು ಅಂದ್ರ ತಾಸೂ ಕಾಯಬ್ಯಾಡ್ರಿ, ಸೀದಾ ಕಲಬುರಗಿಗಿ ಒಯ್ಯ್ರಿ. ಮೈ ಸುಟ್ಟ್ರ, ಕುತ್ತಿಗಿ ಬಾತ್ರ, ಮೂತ್ರ ಕಮ್ಮಿ ಆಗಿ ಏನೇನೋ ಮಾತಾಡಿದ್ರ ಅವತ್ತೇ ಕರ್ಕೊಂಡು ಬರ್ರಿ. ದನಿ ಒಡದು ಮೂರು ವಾರ ಆದ್ರೂ ಸರಿ ಆಗಲಿಲ್ಲಂದ್ರೂ ತೋರಸ್ರಿ."

ಕಲಬುರಗಿಯ ಡಾಕ್ಟರ್ ಚೀಟಿ ನೋಡಿ ಮೂತ್ರದ ಗುಳಿಗೆಯನ್ನು ಬದಲಿಸಿದರು. ನಾನು ಅವ್ವನ ಹಾಸಿಗೆಯ ಪಕ್ಕ ಕಮೋಡ್ ಕುರ್ಚಿ ಹಾಕಿಸಿದೆ. ಎದುರು ಮನೆಯ ಹೆಂಗಸು ಮಧ್ಯಾಹ್ನ ಎರಡು ಸಲ ಬಂದು ನೋಡಿಹೋಗಲು ಒಪ್ಪಿದಳು. ಅವ್ವ ಮೂರು ದಿನ ಆ ಕುರ್ಚಿಯನ್ನು ಮುಟ್ಟಲಿಲ್ಲ, ನಾಚಿಕೆ ಅಂದಳು. ನಾಲ್ಕನೆಯ ದಿನ ಕುಳಿತಳು.

ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿ ನೆನೆಸಿ ಕೊಟ್ಟೆ. ಹತ್ತು ದಿನಕ್ಕೆ ಬಿಳಿ ಕಲೆಗಳು ಹೋದವು, ನೋವೂ ಇಳಿಯಿತು. ಬಾಯಿ ಮಾತ್ರ ಇನ್ನೂ ಪೂರ್ತಿ ಹಸಿಯಾಗಿಲ್ಲ, ಕಾಲುರಿಯ ಗುಳಿಗೆ ನಡೆದೇ ಇದೆ. ಪ್ರತಿ ಭಾನುವಾರ ಬಾಗಿಲ ಬೆಳಕಿಗೆ ಅವಳನ್ನು ಕೂರಿಸಿ ಬಾಯಿ ತೆರೆಯಲು ಹೇಳುತ್ತೇನೆ. ಅವ್ವ ಗೊಣಗುತ್ತಲೇ ತೆರೆಯುತ್ತಾಳೆ.