ಮುಚ್ಚಳದ ಕೆಲಸ ಯಾರದು?

ಪ್ಲಾಸ್ಟಿಕ್ ಬಾಟಲಿ ಕಾರ್ಖಾನೆಯ ಮ್ಯಾನೇಜರ್‌ಗೆ ಶಿಫಾರಸು ಪತ್ರ ಬರೆಯುವುದೆಂದರೆ ನೀರು ಕುಡಿದಷ್ಟೇ ಸಲೀಸು. ಹಳೆಯದರಲ್ಲಿ ಹೆಸರು ಬದಲಿಸಿದರೆ ಮುಗಿಯಿತು. ‘ಶ್ರಮಜೀವಿ, ಶಿಸ್ತಿನವರು, ಎಲ್ಲರೊಂದಿಗೂ ಹೊಂದಿಕೊಳ್ಳುವವರು.’ ಕೈಕೆಳಗಿನ ಇಂಜಿನಿಯರ್ ಹುಡುಗಿ ಹೊರದೇಶದ ಎಂ.ಎಸ್.ಗೆ ಅರ್ಜಿ ಹಾಕಿದಾಗಲೂ ಅದನ್ನೇ ತೆಗೆದ. ಹೆಂಡತಿಗೆ ತೋರಿಸಿದ.

“ಏನ್ರೀ ಇದು, ಅವಳಿಗೆ ಗಂಡು ಹುಡುಕ್ತಿದ್ದೀರಾ?”

ಅಷ್ಟರಲ್ಲಿ ಪತ್ರ ಸಲ್ಲಿಸಲು ವಿಶ್ವವಿದ್ಯಾಲಯದ ಲಿಂಕ್ ಅವನ ಆಫೀಸ್ ಇಮೇಲ್‌ಗೆ ಬಂತು. ಅಭ್ಯರ್ಥಿ ಸ್ವತಃ ಮಾಡಿದ ಒಂದು ಕೆಲಸವನ್ನು ವಿವರಿಸಬೇಕಂತೆ. ಅಯ್ಯೋ, ಇದೆಲ್ಲಿಯ ಗ್ರಹಚಾರ! ವಿವರಿಸುವಂಥದ್ದು ಇದ್ದದ್ದು ಒಂದೇ.

ಬಾಟಲಿಗಳ ಮುಚ್ಚಳ ಓರೆಯಾಗಿ ಕೂರುತ್ತಿದ್ದ ಕಾಲವದು. ಎಲ್ಲರೂ ಮುಚ್ಚಳ ಹಾಕುವ ಯಂತ್ರಕ್ಕೇ ಶಾಪ ಹಾಕುತ್ತಿದ್ದರು. ಆಕೆ ಮಾತ್ರ ಬಾಟಲಿಯ ಕತ್ತು ಮುಟ್ಟಿ ನೋಡಿದಳು. ಅಚ್ಚಿನಿಂದ ಬಂದದ್ದು ಇನ್ನೂ ಬಿಸಿ, ಮೆತ್ತಗೆ. ಬೆಲ್ಟಿನ ದಾರಿ ಉದ್ದ ಮಾಡಿಸಿ, ಫ್ಯಾನ್ ಇಡಿಸಿ, ತಣಿದ ಮೇಲೆ ಮುಚ್ಚಳ ಹಾಕಿಸಿದಳು. ಓರೆಯಾಗುವುದು ನಿಂತಿತು. ಆದರೆ ವರ್ಷದ ಕೊನೆಯ ವರದಿಯಲ್ಲಿ ಮ್ಯಾನೇಜರ್ ಅದನ್ನು ತನ್ನದೇ ಸಾಧನೆ ಎಂದು ಬರೆದುಕೊಂಡಿದ್ದ. ಪ್ಲಾಂಟ್ ಮುಖ್ಯಸ್ಥನ ಕುರ್ಚಿ ಅದರ ಬೆನ್ನಿಗೇ ಬರುವುದರಲ್ಲಿತ್ತು.

ಪತ್ರವೇನೋ ಗೋಪ್ಯ, ಹುಡುಗಿಯೂ ನೋಡುವುದಿಲ್ಲ. ಹೊರದೇಶದಲ್ಲಿ ಸತ್ಯ ಹೇಳಿದರೆ ಇಲ್ಲಿಗೇನು ನಷ್ಟ? ಹಾಗೆಂದುಕೊಂಡು ಎಲ್ಲವನ್ನೂ ನಿಜವಾಗಿಯೇ ಬರೆದು ಕಳಿಸಿದ. ಕಳಿಸಿದ ಮೇಲೆ ಬದಲಿಸುವಂತಿಲ್ಲ. ತನ್ನ ಉದಾರತೆಗೆ ತಾನೇ ಮರುಳಾಗಿ ಅವತ್ತು ಹೆಂಡತಿಗೆ ಎರಡು ಸಲ ಹೇಳಿದ.

ಮರುದಿನ ಡೈರೆಕ್ಟರ್ ಕರೆಸಿದರು. ಹುಡುಗಿಯ ಎರಡನೇ ಶಿಫಾರಸುದಾರರು ಅವರೇ.

“ಬನ್ರೀ. ನಮ್ಮಿಬ್ಬರ ಪತ್ರ ಒಂದಕ್ಕೊಂದು ಹೊಂದಬೇಕಲ್ಲ. ಆ ಮುಚ್ಚಳದ್ದು ನೀವು ಮಾಡಿದ್ದು, ಅವಳು ಕೈಜೋಡಿಸಿದ್ಲು ಅಂತ ಹಾಕ್ಲಾ? ಇವತ್ತೇ ಕೊನೇ ದಿನವಂತೆ.”

ಮ್ಯಾನೇಜರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂದು ಪತ್ರ ‘ಅವಳದ್ದು’ ಎಂದು, ಇನ್ನೊಂದು ‘ಅವನದ್ದು’ ಎಂದು ಹೋದರೆ, ಅಲ್ಲಿನವರು ಅವಳನ್ನೇ ಸುಳ್ಳುಗಾತಿ ಎಂದುಕೊಳ್ಳುವರು. ಸೀಟು ಹೋದಂತೆಯೇ. ಹೌದೆಂದರೆ ಕುರ್ಚಿ ತನ್ನದು, ಕಷ್ಟ ಅವಳದು. ಒಂದು ಕ್ಷಣ ಹೌದೆನ್ನಲೆಂದೇ ಬಾಯಿ ತೆರೆದ, ಸುಳ್ಳಲ್ಲ. ಗಾಜಿನ ಗೋಡೆಯಾಚೆ ಆಕೆ ಬೆಲ್ಟಿನ ಬಳಿ ಬಗ್ಗಿ ನಿಂತಿದ್ದಳು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

“ಬೇಡ ಸಾರ್. ಅದು ಅವಳದ್ದು. ಪೂರ್ತಿ ಅವಳದ್ದೇ.”

ಡೈರೆಕ್ಟರ್ ಕನ್ನಡಕ ತೆಗೆದರು.

“ಮತ್ತೆ ವರದೀಲಿ... ಹಾಗಾದ್ರೆ ನೀವೇನ್ರೀ ಮಾಡಿದ್ರಿ?”

ಮ್ಯಾನೇಜರ್ ತನ್ನ ಪಾಲಿನ ಕೆಲಸವೇನಿತ್ತೆಂದು ಪ್ರಾಮಾಣಿಕವಾಗಿಯೇ ಹುಡುಕಿದ.

“ನಿಮಗೆ ಹೇಳಿದ್ದು ಮಾತ್ರ ನಾನೇ ಸಾರ್.”